ಮುಲಾಮು ರಾಯರು ಮತ್ತು ಗುಲಾಬಿ ಮಚ್ಚೆ

ನಿವೃತ್ತಿಯ ನಂತರದ ಬಿಡುವನ್ನೆಲ್ಲ ನೆರೆಹೊರೆಯವರ ಆರೋಗ್ಯಕ್ಕೆ ಧಾರೆ ಎರೆದ ಗೃಹಸ್ಥರೊಬ್ಬರು ಕರ್ನಾಟಕದ ಪ್ರತಿಯೊಂದು ಬಡಾವಣೆಯಲ್ಲಿಯೂ ಇದ್ದೇ ಇರುತ್ತಾರೆ. ಊರಿನಿಂದ ಊರಿಗೆ ಅವರ ಹೆಸರು ಬದಲಾದರೂ ಲಕ್ಷಣಗಳು ಬದಲಾಗದ ಕಾರಣ ಅವರನ್ನು ಇಲ್ಲಿ ಮುಲಾಮು ರಾಯರೆಂದು ಕರೆಯಬಹುದು. ರಾಯರ ಔಷಧಾಲಯವೆಂದರೆ ಷೋಕೇಸಿನ ಕೆಳಖಾನೆಯಲ್ಲಿರುವ ಹಳೆಯ ಬಿಸ್ಕತ್ತಿನ ಡಬ್ಬಿ. ಅದರಲ್ಲಿರುವ ಟ್ಯೂಬುಗಳೆಲ್ಲ ಬಾಲದ ಕಡೆಯಿಂದ ಸುರುಳಿ ಸುತ್ತಿದವು. ಅವಧಿ ಮುಗಿಯುವ ದಿನಾಂಕವನ್ನು ಆ ಬಾಲದ ಮೇಲೆಯೇ ಒತ್ತಿರುವುದರಿಂದ ಅದನ್ನು ಓದುವ ಪ್ರಮೇಯ ರಾಯರಿಗೆ ಎಂದೂ ಬಂದಿಲ್ಲ. ಅವರ ಶಾಸ್ತ್ರದ ಪ್ರಕಾರ ಚರ್ಮದ ಮೇಲೆ ಏಳುವುದು ದುಂಡಗಿದ್ದರೆ ಹುಳುಕಡ್ಡಿ, ಉಬ್ಬಿದ್ದರೆ ಪಿತ್ತದ ಗಂಧೆ, ಉರಿದರೆ ಸರ್ಪಸುತ್ತು. ನಾಲ್ಕನೆಯದೊಂದು ಇರಬಹುದೆಂದು ಅವರಿಗೆ ಯಾರೂ ಹೇಳಿಲ್ಲ. ಹೇಳಿದರೂ ಅವರು ನಂಬುವವರಲ್ಲ.

ಆ ನಾಲ್ಕನೆಯದಕ್ಕೆ ವೈದ್ಯರು ಪಿಟಿರಿಯಾಸಿಸ್ ರೋಸಿಯಾ ಎನ್ನುತ್ತಾರೆ. ತೌಡಿನಂತಹ ನವಿರಾದ ಹೊಟ್ಟು ಏಳುವ ಗುಲಾಬಿ ಬಣ್ಣದ ಮಚ್ಚೆಗಳ ಈ ಬೇನೆಗೆ ಫ್ರಾನ್ಸಿನ ಚರ್ಮವೈದ್ಯ ಗಿಬರ್ 1860ರಲ್ಲಿಯೇ ಈ ಹೆಸರಿಟ್ಟಿದ್ದಾನೆ. ಇದು ಹೆಚ್ಚಾಗಿ ಹತ್ತರಿಂದ ಮೂವತ್ತೈದು ವರ್ಷದೊಳಗಿನವರಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲು ಎದೆ, ಹೊಟ್ಟೆ ಅಥವಾ ಬೆನ್ನಿನ ಮೇಲೆ ಒಂದೇ ಒಂದು ದೊಡ್ಡ ಮಚ್ಚೆ ಏಳುವುದು ಇದರ ರೂಢಿ. ಮುಂದೆ ಬರಲಿರುವ ಪರಿವಾರವನ್ನು ಮುಂಚಿತವಾಗಿ ಸಾರುವುದರಿಂದ ಇದನ್ನು ಮುನ್ಸೂಚಕ ಮಚ್ಚೆ ಎನ್ನಬಹುದು. ಎರಡರಿಂದ ಹತ್ತು ಸೆಂಟಿಮೀಟರ್‌ವರೆಗೆ ಬೆಳೆಯುವ ಈ ಅಂಡಾಕಾರದ ಮಚ್ಚೆ ಬಿಳಿಯ ಚರ್ಮದಲ್ಲಿ ಗುಲಾಬಿಯಾಗಿ ಕಂಡರೆ, ನಮ್ಮವರ ಕಂದು ಚರ್ಮದಲ್ಲಿ ಅನೇಕ ಸಲ ಕಂದುಗೆಂಪು ಅಥವಾ ಬೂದು ಛಾಯೆಯಲ್ಲಿ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಇದರ ನಡುಭಾಗ ತುಸು ಸುಕ್ಕುಗಟ್ಟಿರುತ್ತದೆ. ಅಂಚಿಗಿಂತ ಸ್ವಲ್ಪ ಒಳಗೆ ತೆಳುವಾದ ಹೊಟ್ಟಿನ ಉಂಗುರವೊಂದು ಇದ್ದು, ಆ ಹೊಟ್ಟಿನ ಹೊರ ತುದಿ ಚರ್ಮಕ್ಕೆ ಅಂಟಿಕೊಂಡು ಒಳ ತುದಿ ಮಾತ್ರ ಬಿಟ್ಟುಕೊಂಡಿರುತ್ತದೆ. ಈ ಉಂಗುರವೇ ರೋಗದ ಗುರುತು. ಆದರೆ ಅದನ್ನು ಕಾಣಲು ಕನ್ನಡಕ ಬೇಕು, ರಾಯರ ಕನ್ನಡಕವೋ ಸದಾ ಹಣೆಯ ಮೇಲಿರುತ್ತದೆ.

ಮಹಡಿಯ ಬಾಡಿಗೆ ಕೋಣೆಯಲ್ಲಿರುವ ಪದವಿ ವಿದ್ಯಾರ್ಥಿಯೊಬ್ಬನ ಪಕ್ಕೆಯಲ್ಲಿ ಇಂತಹ ಮಚ್ಚೆ ಎದ್ದಿತೆಂದು ಭಾವಿಸೋಣ. "ಎಲ್ಲಿ, ಅಂಗಿ ಎತ್ತಪ್ಪ ನೋಡೋಣ" ಎಂದು ಗೇಟಿನ ಬಳಿಯೇ ತಪಾಸಣೆ ಮುಗಿಸುವ ರಾಯರು, ಹುಳುಕಡ್ಡಿಯೆಂದು ತೀರ್ಪಿತ್ತು ಡಬ್ಬಿಯಿಂದ ಒಂದು ಟ್ಯೂಬನ್ನು ದಯಪಾಲಿಸುತ್ತಾರೆ. ಆ ಟ್ಯೂಬಿನಲ್ಲಿರುವುದು ಸಾಮಾನ್ಯವಾಗಿ ಮೂರು ಔಷಧಗಳ ಮಿಶ್ರಣ: ಶಿಲೀಂಧ್ರವನ್ನು, ಅಂದರೆ ಹುಳುಕಡ್ಡಿಗೆ ಕಾರಣವಾದ ಬೂಷ್ಟಿನ ಜಾತಿಯ ಜೀವಿಯನ್ನು, ಕೊಲ್ಲುವುದೊಂದು, ಬ್ಯಾಕ್ಟೀರಿಯಾವನ್ನು ಕೊಲ್ಲುವುದೊಂದು, ಉರಿಯೂತವನ್ನು ತಗ್ಗಿಸುವ ಪ್ರಬಲ ಸ್ಟೀರಾಯ್ಡ್ ಮತ್ತೊಂದು. ಪಿಟಿರಿಯಾಸಿಸ್ ರೋಸಿಯಾಕ್ಕೆ ಶಿಲೀಂಧ್ರವಾಗಲಿ ಬ್ಯಾಕ್ಟೀರಿಯಾವಾಗಲಿ ಕಾರಣವಲ್ಲದ ಕಾರಣ ಮೊದಲೆರಡು ಔಷಧಗಳಿಗೆ ಅಲ್ಲಿ ಕೆಲಸವೇ ಇರುವುದಿಲ್ಲ. ಸ್ಟೀರಾಯ್ಡಿನಿಂದ ಕೆಂಪು ಒಂದಿಷ್ಟು ಇಳಿಯುತ್ತದೆ, ರಾಯರ ಎದೆ ಅಷ್ಟೇ ಉಬ್ಬುತ್ತದೆ. ಒಂದು ವೇಳೆ ಅದು ನಿಜವಾಗಿಯೂ ಹುಳುಕಡ್ಡಿಯಾಗಿದ್ದರೆ ಅದೇ ಸ್ಟೀರಾಯ್ಡ್ ಚರ್ಮದ ಪ್ರತಿರೋಧವನ್ನು ಕುಗ್ಗಿಸಿ, ಸ್ಪಷ್ಟವಾಗಿದ್ದ ಅಂಚನ್ನು ಅಳಿಸಿ, ರೋಗವನ್ನು ಗುರುತು ಸಿಗದಂತೆ ಹರಡಲು ಬಿಡುತ್ತಿತ್ತು. ಅಂದರೆ ರಾಯರ ನಿದಾನ ತಪ್ಪಾದದ್ದೇ ಹುಡುಗನ ಪುಣ್ಯ.

ಒಂದೆರಡು ವಾರ ಕಳೆಯುವಷ್ಟರಲ್ಲಿ ಪರಿವಾರ ಬಂದಿಳಿಯುತ್ತದೆ. ಮುಂಡದ ಮೇಲೆ, ತೋಳಿನ ಮತ್ತು ತೊಡೆಯ ಮೇಲ್ಭಾಗದಲ್ಲಿ ಅರ್ಧದಿಂದ ಒಂದೂವರೆ ಸೆಂಟಿಮೀಟರಿನ ಚಿಕ್ಕ ಅಂಡಾಕಾರದ ಮಚ್ಚೆಗಳು ತಂಡತಂಡವಾಗಿ ಏಳುತ್ತವೆ. ಮುಖ, ಅಂಗೈ, ಅಂಗಾಲುಗಳನ್ನು ಅವು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಪ್ರತಿಯೊಂದು ಮಚ್ಚೆಯೂ ತನ್ನ ಉದ್ದವನ್ನು ಚರ್ಮದ ಸಹಜ ಸೀಳುರೇಖೆಗಳಿಗೆ ಹೊಂದಿಸಿಕೊಂಡು ಮಲಗುವುದರಿಂದ, ಬೆನ್ನಿನ ಮೇಲೆ ಅವೆಲ್ಲ ಬೆನ್ನೆಲುಬಿನಿಂದ ಎರಡೂ ಕಡೆಗೆ ಇಳಿಜಾರಾಗಿ ಸಾಲುಗಟ್ಟುತ್ತವೆ. ವೈದ್ಯಗ್ರಂಥಗಳು ಈ ವಿನ್ಯಾಸವನ್ನು ಕ್ರಿಸ್‌ಮಸ್ ಮರಕ್ಕೆ ಹೋಲಿಸುತ್ತವೆ. ಒಂದಿದ್ದದ್ದು ಐವತ್ತಾದಾಗ ಬೇರೆ ಯಾರೇ ಆಗಿದ್ದರೂ ತಮ್ಮ ನಿದಾನವನ್ನು ಅನುಮಾನಿಸುತ್ತಿದ್ದರು. ರಾಯರು ಮಾತ್ರ ಒಳಗಿದ್ದ ನಂಜನ್ನು ಮುಲಾಮು ಹೊರಗೆಳೆಯುತ್ತಿದೆ ಎಂದು ವಿವರಿಸಿ, ಬದನೆಕಾಯಿಯನ್ನು ನಿಷೇಧಿಸಿ, ಬೇವಿನ ಎಲೆ ಕುದಿಸಿದ ಸುಡುನೀರಿನ ಸ್ನಾನವನ್ನು ವಿಧಿಸುತ್ತಾರೆ. ಬಿಸಿನೀರು, ಬೆವರು, ಖಾರವಾದ ಸೋಪು ಇವು ಮೂರೂ ಈ ಬೇನೆಯಲ್ಲಿ ತುರಿಕೆಯನ್ನು ಹೆಚ್ಚಿಸುವುದರಿಂದ, ಅಲ್ಲಿಯವರೆಗೆ ನೆಮ್ಮದಿಯಾಗಿ ಮಲಗುತ್ತಿದ್ದ ಹುಡುಗ ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾನೆ. ನಂಜು ಹೊರಬರುತ್ತಿರುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ ಎಂದು ರಾಯರು ಕೇಳುತ್ತಾರೆ.

ಹುಡುಗ ಕೊನೆಗೆ ಕದ್ದುಮುಚ್ಚಿ ಚರ್ಮರೋಗ ತಜ್ಞರ ಬಳಿಗೆ ಹೋದರೆ ಅಲ್ಲಿ ನಡೆಯುವುದು ತೀರ ಸಪ್ಪೆಯಾದ ವ್ಯವಹಾರ. ವೈದ್ಯರು ಬೆನ್ನನ್ನು ಬೆಳಕಿಗೆ ತಿರುಗಿಸಿ ನೋಡುತ್ತಾರೆ, ಮೊದಲು ಎದ್ದ ಮಚ್ಚೆ ಯಾವುದೆಂದು ಕೇಳುತ್ತಾರೆ, ಇತ್ತೀಚೆಗೆ ಹೊಸ ಮಾತ್ರೆಗಳನ್ನೇನಾದರೂ ನುಂಗಿದ್ದುಂಟೇ ಎಂದು ವಿಚಾರಿಸುತ್ತಾರೆ. ಕೆಲವು ಔಷಧಗಳೂ ಇಂತಹದೇ ಮಚ್ಚೆಗಳನ್ನು ಎಬ್ಬಿಸುತ್ತವೆ. ಹುಳುಕಡ್ಡಿಯ ಸಂದೇಹವಿದ್ದರೆ ಅಂಚಿನ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳಿಗಾಗಿ ಹುಡುಕುತ್ತಾರೆ. ಮೊದಲೇ ಮುಲಾಮು ಬಳಿದಿದ್ದರೆ ಎಳೆಗಳಿದ್ದರೂ ಕಾಣದೆ ಹೋಗಬಹುದಾದ್ದರಿಂದ ಟ್ಯೂಬಿನ ವಿಷಯವನ್ನು ಇಲ್ಲಿ ಮುಚ್ಚಿಡಬಾರದು. ಸಿಫಿಲಿಸ್ ಎಂಬ ಲೈಂಗಿಕ ರೋಗದ ಎರಡನೆಯ ಹಂತವೂ ಇದೇ ವೇಷದಲ್ಲಿ ಬರುವುದುಂಟು, ವಿಶೇಷವಾಗಿ ಅಂಗೈ ಅಂಗಾಲುಗಳಲ್ಲಿ ಮಚ್ಚೆಗಳಿದ್ದಾಗ. ಆದ್ದರಿಂದ ರಕ್ತಪರೀಕ್ಷೆಯನ್ನೂ ಬರೆಯಬಹುದು. ಅದು ಹುಡುಗನ ನಡತೆಯ ಮೇಲಿನ ಆಕ್ಷೇಪವಲ್ಲ. ಆ ಚೀಟಿ ರಾಯರ ಕಣ್ಣಿಗೆ ಬೀಳದಂತೆ ನೋಡಿಕೊಂಡರೆ ಸಾಕು.

ಇಷ್ಟಾದ ಮೇಲೆ ವೈದ್ಯರು ಕೊಡುವ ಚಿಕಿತ್ಸೆ ರಾಯರ ದೃಷ್ಟಿಯಲ್ಲಿ ಚಿಕಿತ್ಸೆಯೇ ಅಲ್ಲ: ಚರ್ಮ ಒಣಗದಂತೆ ಹಚ್ಚುವ ಲೋಷನ್, ತುರಿಕೆಯಿದ್ದರೆ ಕ್ಯಾಲಮೈನ್ ಅಥವಾ ಅಲರ್ಜಿ ಮಾತ್ರೆ, ಉಳಿದಂತೆ ಕಾಯುವುದು. ದೇಹದಲ್ಲಿ ಬಾಲ್ಯದಿಂದಲೇ ಸುಪ್ತವಾಗಿರುವ ಹರ್ಪಿಸ್ ಕುಟುಂಬದ 6 ಮತ್ತು 7ನೆಯ ವೈರಸ್‌ಗಳು ಮತ್ತೆ ಎಚ್ಚೆತ್ತುಕೊಳ್ಳುವುದೇ ಇದಕ್ಕೆ ಕಾರಣವಿರಬೇಕೆಂದು ಬಹುಮಂದಿ ತಜ್ಞರು ಭಾವಿಸುತ್ತಾರೆ. ಆದರೂ ಇದು ಒಬ್ಬರಿಂದೊಬ್ಬರಿಗೆ ಅಂಟುವ ಬೇನೆಯಾಗಿ ವರ್ತಿಸದ ಕಾರಣ ಹುಡುಗನ ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ. ಒಬ್ಬರ ವಿಷಯದಲ್ಲಿ ಮಾತ್ರ ಕಾಯುವುದು ಸಲ್ಲದು: ಗರ್ಭಿಣಿಯರಲ್ಲಿ, ಅದರಲ್ಲಿಯೂ ಮೊದಲ ಹದಿನೈದು ವಾರಗಳಲ್ಲಿ ಇದು ಕಾಣಿಸಿಕೊಂಡರೆ ಗರ್ಭಪಾತದ ಸಂಭವ ಹೆಚ್ಚೆಂಬ ವರದಿಗಳಿರುವುದರಿಂದ ಕೂಡಲೇ ವೈದ್ಯರಿಗೆ ತಿಳಿಸಬೇಕು.

ರಾಯರ ಕೀರ್ತಿಯ ಗುಟ್ಟಿರುವುದು ಈ ಬೇನೆಯ ಕಾಲಗಣನೆಯಲ್ಲಿ. ಯಾರು ಏನು ಮಾಡಿದರೂ ಮಾಡದಿದ್ದರೂ ಮಚ್ಚೆಗಳು ಆರರಿಂದ ಎಂಟು ವಾರಗಳಲ್ಲಿ, ಕೆಲವರಲ್ಲಿ ಮೂರು ತಿಂಗಳಲ್ಲಿ ತಾವಾಗಿಯೇ ಅಡಗುತ್ತವೆ. ಟ್ಯೂಬು ಮುಗಿದು, ಬದನೆಕಾಯಿ ಹೋಗಿ, ಬೇವು ಬಂದು, ಆರನೆಯ ವಾರದಲ್ಲಿ ರಾಯರ ಮನೆಯಿಂದ ಅಮೃತಬಳ್ಳಿಯ ಕಷಾಯ ಮಹಡಿ ಏರಿತೆಂದರೆ, ಏಳನೆಯ ವಾರದ ಗುಣವೆಲ್ಲ ಕಷಾಯದ ಖಾತೆಗೇ ಜಮೆಯಾಗುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿ, ಕೀರ್ತಿ ಪಕ್ಕದ ಬಡಾವಣೆಗೂ ಹಬ್ಬುತ್ತದೆ. ಮೊದಲ ವಾರದಲ್ಲಿಯೇ ಕಷಾಯ ಕೊಟ್ಟಿದ್ದರೆ ಅದೂ ಟ್ಯೂಬಿನಂತೆಯೇ ಸೋತಿರುತ್ತಿತ್ತೆಂಬ ಲೆಕ್ಕವನ್ನು ಕೇಳುವವರಿಲ್ಲ. ಈ ಬೇನೆ ಒಮ್ಮೆ ಬಂದವರಿಗೆ ಮರುಕಳಿಸುವುದು ಅಪರೂಪವಾದ್ದರಿಂದ ಕಷಾಯಕ್ಕೆ ಎರಡನೆಯ ಪರೀಕ್ಷೆಯೂ ಒದಗುವುದಿಲ್ಲ.

ಮಚ್ಚೆಗಳಿದ್ದ ಜಾಗದಲ್ಲಿ ಕಂದು ಚರ್ಮದವರಿಗೆ ಕಪ್ಪು ಅಥವಾ ಮಾಸಲು ಬಿಳಿಯ ಕಲೆಗಳು ಕೆಲವು ತಿಂಗಳು ಉಳಿದು ನಿಧಾನವಾಗಿ ಮಾಸುತ್ತವೆ. ಅವಕ್ಕೆ ರಾಯರ ಡಬ್ಬಿಯ ಯಾವ ಟ್ಯೂಬೂ ಬೇಕಿಲ್ಲ. ಮೂರು ತಿಂಗಳು ದಾಟಿದರೂ ಮಚ್ಚೆಗಳು ಅಡಗದಿದ್ದರೆ ಅದು ಬೇರೆಯೇ ರೋಗವಿರಬಹುದಾದ ಕಾರಣ ಮತ್ತೆ ಚರ್ಮರೋಗ ತಜ್ಞರನ್ನು ಕಾಣಬೇಕು. ಹೋಗುವಾಗ ಬಳಸಿದ ಟ್ಯೂಬನ್ನು, ಸುರುಳಿ ಬಿಚ್ಚಿ, ಜೊತೆಗೆ ಕೊಂಡೊಯ್ಯುವುದು ಒಳ್ಳೆಯದು.