ರಾತ್ರಿ ಆದಮ್ಯಾಲ ಹಗಲಿಲ್ಲ

ನಿವೃತ್ತ ಗಣಿತ ಮಾಸ್ತರನ ಕೈಗೆ ಗೆರೆ ಹಾಕಿದ ಖಾಲಿ ಹಾಳೆ ಕೊಡಬಾರದು. ನನ್ನ ತಂಗಿಯ ಮಗ ಕೊಟ್ಟ. ಬೆಳಗಾವಿಯಲ್ಲಿ ಸೆಕ್ಯುರಿಟಿ ಗಾರ್ಡ್ ಒದಗಿಸುವ ಸಣ್ಣ ಧಂದೆ ಅವನದು. ಟಿಳಕವಾಡಿಯಲ್ಲಿ ಒಂದು ಅಪಾರ್ಟ್‌ಮೆಂಟು, ಉದ್ಯಮಬಾಗದಲ್ಲಿ ಒಂದು ಕಾರ್ಖಾನೆಯ ಗೇಟು, ಖಾನಾಪುರದಲ್ಲಿ ಒಂದು ಹೆಂಚಿನ ಗೋದಾಮು, ಹೀಗೆ ಮೂರು ಪಾಯಿಂಟು. ಎಲ್ಲ ಕಡೆಯೂ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು.

“ಮಾಮಾ, ಹುಡುಗರು ದಿನಾ ಜಗಳಾ ತಗೀತಾರ. ಒಬ್ಬಗ ಬರೀ ನೈಟ್, ಒಬ್ಬಗ ಸೂಟಿನ ಇಲ್ಲ. ನೀವ ಒಂದ್ ಚಾರ್ಟ್ ಮಾಡಿಕೊಡ್ರಿ” ಅಂದ.

ಮೂವತ್ತು ಮಕ್ಕಳ ಕ್ಲಾಸಿಗೆ ವೇಳಾಪಟ್ಟಿ ಹಾಕಿದವನಿಗೆ ಇದೇನು ಮಹಾ? ಒಂದು ಪಾಯಿಂಟಿಗೆ ವಾರಕ್ಕೆ 14 ಡ್ಯೂಟಿ, ಮೂರಕ್ಕೆ 42. ಒಬ್ಬ ವಾರಕ್ಕೆ ಆರು ಡ್ಯೂಟಿ ಮಾಡಿ ಒಂದು ದಿನ ರಜೆ ತೆಗೆದುಕೊಂಡರೆ 42 ಭಾಗಿಸು 6, ಏಳು ಜನ. ಶೇಷ ಸೊನ್ನೆ! ಗಣಿತ ಮಾಸ್ತರನಿಗೆ ಶೇಷ ಸೊನ್ನೆ ಬಂದರೆ ಬುದ್ಧಿ ಅಲ್ಲಿಗೇ ನಿಲ್ಲುತ್ತದೆ.

ಏಳು ಜನ, ಏಳು ದಿನ. ಕಷ್ಟದ್ದು ಮೊದಲು ಮುಗಿಯಲಿ ಅಂತ ಮೂರು ರಾತ್ರಿ, ಆಮೇಲೆ ಮೂರು ಹಗಲು, ಕೊನೆಗೆ ಒಂದು ರಜೆ. ಒಬ್ಬೊಬ್ಬನ ಸಾಲನ್ನು ಒಂದೊಂದು ದಿನ ಹಿಂದಕ್ಕೆ ಸರಿಸಿದೆ. ಟಿಳಕವಾಡಿ, ಉದ್ಯಮಬಾಗ, ಖಾನಾಪುರ ಅದೇ ಕ್ರಮದಲ್ಲಿ ಎಲ್ಲರಿಗೂ ಸುತ್ತಿ ಬರುವಂತೆ ಮಾಡಿದೆ. ಅಡ್ಡ ಕೂಡಿದರೆ ತಲಾ ಆರು ಡ್ಯೂಟಿ, ಉದ್ದ ಕೂಡಿದರೆ ದಿನಕ್ಕೆ ಮೂರು ಹಗಲು, ಮೂರು ರಾತ್ರಿ. ಸತತ ಮೂರಕ್ಕಿಂತ ಹೆಚ್ಚು ರಾತ್ರಿ ಯಾರಿಗೂ ಇಲ್ಲ. ಚಾರ್ಟು ಗೋಡೆಗೆ ಅಂಟಿತು. ನಾನು ಕೈ ಕಟ್ಟಿಕೊಂಡು ಎದುರಿಗೆ ನಿಂತು ನೋಡಿದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ನನ್ನ ಫೋನು ಹೊಡೆದುಕೊಂಡಿತು. ಖಾನಾಪುರದ ಗೋದಾಮಿನಲ್ಲಿ ಮೂರನೇ ರಾತ್ರಿಯ ಸಾಲಿನಲ್ಲಿದ್ದ ನಂದಗಡದ ಹುಡುಗ. “ಸರ, ನಂದು ಈಗ ನೈಟ್ ಮುಗೀತ್ರಿ. ಚಾರ್ಟಿನ್ಯಾಗ ಇವತ್ತ ಎಂಟಕ್ಕ ಟಿಳಕವಾಡಿ ಡೇ ಅಂತ ಐತ್ರಿ. ಈಗ ಎಂಟ ಆಗೇತ್ರಿ. ನಾ ಏನ್ ಮಾಡ್ಲಿ?”

ಹಾಳೆಯ ಮೇಲೆ ಬುಧವಾರದ ರಾತ್ರಿ, ಗುರುವಾರದ ಹಗಲು ಬೇರೆ ಬೇರೆ ಚೌಕದಲ್ಲಿದ್ದವು. ಗಡಿಯಾರದಲ್ಲಿ ಮಾತ್ರ ಒಂದು ಮುಗಿಯುವುದೂ ಇನ್ನೊಂದು ಶುರುವಾಗುವುದೂ ಒಂದೇ ನಿಮಿಷಕ್ಕೆ. ಸತತ 24 ತಾಸಿನ ದುಡಿಮೆ, ನಡುವೆ 25 ಕಿ.ಮೀ.ಗೂ ಹೆಚ್ಚಿನ ದಾರಿ ಬೇರೆ. ಮೊತ್ತ ಕೂಡುವ ನನ್ನ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವಂತೆಯೇ ಇರಲಿಲ್ಲ. ಪಕ್ಕಪಕ್ಕದ ಎರಡೆರಡು ಚೌಕ ಓದಿದರೆ ಮಾತ್ರ ಕಾಣುವ ತಪ್ಪು ಇದು.

ಅಷ್ಟು ಸಾಲದೆಂಬಂತೆ ಚೌಕಗಳಲ್ಲಿ ಬರೆದಿದ್ದು ಒಂದೊಂದೇ ಅಕ್ಷರ. ಹಗಲಿಗೆ ‘ಹ’, ರಾತ್ರಿಗೆ ‘ರಾ’, ರಜೆಗೆ ‘ರ’. ಝೆರಾಕ್ಸಿನಲ್ಲಿ ದೀರ್ಘ ಅಳಿಸಿಹೋಗಿ ‘ರಾ’ ಎಲ್ಲವೂ ‘ರ’ ಆಗಿತ್ತು. ಉದ್ಯಮಬಾಗದ ಗೇಟಿಗೆ ಎರಡನೇ ರಾತ್ರಿ ಯಾರೂ ಬರಲಿಲ್ಲ. ಬರಬೇಕಾದವ ಮನೆಯಲ್ಲಿ ನೆಮ್ಮದಿಯಾಗಿ ರಜೆ ಆಚರಿಸುತ್ತಿದ್ದ.

ಏಳು ಜನರಲ್ಲಿ ಒಬ್ಬರು ಫೌಜಿನಿಂದ ನಿವೃತ್ತರಾದ ಹವಾಲ್ದಾರ್. ಚಾರ್ಟನ್ನು ಶತ್ರುವಿನ ನಕ್ಷೆ ನೋಡಿದಂತೆ ನೋಡಿ, “ಸರ, ‘ಸೂಟಿ’ ಅಂತ ಪೂರಾ ಬರೀರಿ. ಆಮ್ಯಾಲ ಒಂದ ನೇಮ ಇಟ್ಕೋರಿ. ರಾತ್ರಿ ಆದಮ್ಯಾಲ ರಾತ್ರಿ ಬರಬೇಕು, ಇಲ್ಲಾ ಸೂಟಿ ಬರಬೇಕು. ರಾತ್ರಿ ಆದಮ್ಯಾಲ ಹಗಲಿಲ್ಲ” ಅಂದರು.

ಸಾಲನ್ನು ತಿರುಗಿಸಿದೆ: ಮೂರು ಹಗಲು, ಮೂರು ರಾತ್ರಿ, ಸೂಟಿ. ಈಗ ನೇಮ ಎಲ್ಲೂ ಮುರಿಯಲಿಲ್ಲ. ಹವಾಲ್ದಾರ್ ಮತ್ತೆ ಬೆರಳು ಮಡಿಚಿದರು. “ಮೂರನೇ ಹಗಲು ರಾತ್ರಿ ಎಂಟಕ್ಕ ಮುಗೀತು. ಮರುದಿನ ರಾತ್ರಿ ಎಂಟಕ್ಕ ನೈಟ್. ನಡುವ 24 ತಾಸು. ಕಡೇ ನೈಟ್ ಸೂಟಿ ದಿನಾ ಮುಂಜಾನೆ ಎಂಟಕ್ಕ ಮುಗೀತು. ಮರುದಿನ ಎಂಟಕ್ಕ ಡೇ. ಅಲ್ಲೂ 24 ತಾಸು. ಅದರಾಗ ಅರ್ಧಾ ನಿದ್ದಿ. ಹಂಗಾರ ಇದರಾಗ ಸೂಟಿ ಯಾವುದ್ರೀ ಸರ?”

ಉತ್ತರ ಹುಡುಕುವಷ್ಟರಲ್ಲಿ ಜಾಂಬೋಟಿಯ ಹುಡುಗ ಎದ್ದ. ಏಳು ದಿನದ ಸುತ್ತಾದ್ದರಿಂದ ಪ್ರತಿಯೊಬ್ಬನ ಸೂಟಿಯೂ ವಾರದ ಒಂದೊಂದೇ ದಿನಕ್ಕೆ ಮೊಳೆ ಹೊಡೆದು ಕೂತಿತ್ತು. ಅವನದು ಆಜನ್ಮ ಮಂಗಳವಾರ. ಭಾನುವಾರ ಸಿಕ್ಕವನು ಹಿಂದಿನ ವಾರ ನಮ್ಮ ಮನೆಗೆ ಕುಂದಾ ತಂದುಕೊಟ್ಟಿದ್ದ. ಅದನ್ನು ನಾನು ತಿಂದದ್ದಕ್ಕೆ ಸಾಕ್ಷಿಗಳೂ ಇದ್ದರು.

ಪರಿಹಾರ ಎಂಟನೇ ಮನುಷ್ಯ. ಎಂಟು ಜನ, ಎಂಟು ದಿನದ ಸುತ್ತು: ಮೂರು ಹಗಲು, ಮೂರು ರಾತ್ರಿ, ಎರಡು ಸೂಟಿ. ದಿನಕ್ಕೆ ಆರು ಜನ ಕೆಲಸದಲ್ಲಿ, ಇಬ್ಬರು ಮನೆಯಲ್ಲಿ. ಕೊನೆಯ ರಾತ್ರಿಯಿಂದ ಮುಂದಿನ ಹಗಲಿಗೆ 48 ತಾಸು ಬಿಡುವು. ಸುತ್ತು ವಾರಕ್ಕಿಂತ ಒಂದು ದಿನ ಉದ್ದ ಇರುವುದರಿಂದ ಸೂಟಿ ಪ್ರತಿ ಸಲ ಒಂದೊಂದು ದಿನ ಮುಂದೆ ಜಾರುತ್ತದೆ. 56 ದಿನಗಳಲ್ಲಿ ಎಲ್ಲರಿಗೂ ಎರಡು ಭಾನುವಾರ. ಒಂದು ಭಾನುವಾರ ನೈಟ್ ಮುಗಿಸಿ ಬಂದು ಗೊರಕೆ ಹೊಡೆಯುವುದು, ಇನ್ನೊಂದು ಕಣ್ಣು ಬಿಟ್ಟುಕೊಂಡು ಕಳೆಯುವುದು. ಕುಂದಾಕ್ಕೆ ಇಲ್ಲಿ ಅವಕಾಶವೇ ಇಲ್ಲ.

ಚಪ್ಪಾಳೆಗೆ ಕಾದೆ. ಜಾಂಬೋಟಿಯವನೇ ಕೇಳಿದ, “ಪಗಾರ?”

ಅವರಿಗೆ ಪಗಾರ ಡ್ಯೂಟಿ ಲೆಕ್ಕದಲ್ಲಿ. ಏಳು ಜನ ಇದ್ದಾಗ ತಿಂಗಳಿಗೆ ಸುಮಾರು 26 ಡ್ಯೂಟಿ, ಎಂಟು ಜನರಾದರೆ ಇಪ್ಪತ್ತೆರಡೋ ಇಪ್ಪತ್ಮೂರೋ. ನ್ಯಾಯ ಅಂತ ನಾನು ಹಂಚಿದ್ದು ಅವರ ಜೇಬಿನಿಂದಲೇ ಹೋಗುತ್ತಿತ್ತು. ಅಳಿಯನತ್ತ ತಿರುಗಿದೆ. ವಾರದ ಮಾಮೂಲು ದುಡಿಮೆಗೆ ಕಾನೂನಿನ ಲೆಕ್ಕ 48 ತಾಸು, ಮೇಲಿನದ್ದು ಓವರ್‌ಟೈಮ್, ಅದಕ್ಕೆ ಇಮ್ಮಡಿ ದರ. ಆರು ಡ್ಯೂಟಿಗೆ 72 ತಾಸಾಗುತ್ತದೆ. ಅದನ್ನು ಸರಿಯಾಗಿ ಕೊಟ್ಟರೆ ಡ್ಯೂಟಿ ಕಡಿಮೆಯಾದರೂ ಹುಡುಗರಿಗೆ ನಷ್ಟವಿಲ್ಲ ಅಂತ ಹವಾಲ್ದಾರ್ ಬಾಯಿಬಿಟ್ಟು ಹೇಳಿದರು. ಅಳಿಯ ಫ್ಯಾನು ನೋಡಿದ. ನಾನೂ ಫ್ಯಾನು ನೋಡಿದೆ. ಮಾಮ-ಅಳಿಯರ ಸಂಬಂಧ ದೊಡ್ಡದು.

ಕೊನೆಗೆ ಎಂಟನೆಯವನನ್ನು ಇಟ್ಟುಕೊಂಡು, ಯಾರಾದರೂ ಗೈರಾದ ದಿನದ ಡ್ಯೂಟಿಯನ್ನು ಸೂಟಿಯಲ್ಲಿದ್ದು ಬೇಕು ಅಂದವರಿಗೆ ಕೊಡುವುದು ಅಂತ ರಾಜಿಯಾಯಿತು. ಅದಕ್ಕೂ ಹವಾಲ್ದಾರರದೇ ನೇಮ: ಹಗಲು ತಪ್ಪಿದರೆ ಎರಡನೇ ಸೂಟಿಯವನನ್ನು ಕರೆಯಬೇಕು, ರಾತ್ರಿ ತಪ್ಪಿದರೆ ಮೊದಲನೇ ಸೂಟಿಯವನನ್ನು. ಮೊದಲನೆಯವನಿಗೆ ಅದು ನಾಲ್ಕನೇ ರಾತ್ರಿ, ನಿಜ, ಆದರೆ ಆಮೇಲೆ 24 ತಾಸು ಸಿಗುತ್ತದೆ. ಎರಡನೆಯವನನ್ನು ರಾತ್ರಿಗೆ ಕರೆದರೆ ಬೆಳಿಗ್ಗೆ ಎಂಟಕ್ಕೆ ಅವನ ಹಗಲು ಕಾದು ನಿಂತಿರುತ್ತದೆ, ಮತ್ತೆ ನಂದಗಡದವನ ಕಥೆಯೇ.

ಚಾರ್ಟು ನಡೆಯಿತು, ಗಣಪತಿ ವಿಸರ್ಜನೆಯವರೆಗೆ. ಆ ರಾತ್ರಿ ಟಿಳಕವಾಡಿಗೆ ಬರಬೇಕಾದವನಿಗೆ ಜ್ವರ. ಮೊದಲನೇ ಸೂಟಿಯವನು ಮೆರವಣಿಗೆಯ ಢೋಲ್-ತಾಶಾ ನಡುವೆ, ಫೋನು ಕೇಳುವುದೆಲ್ಲಿ? ಬೇರೆ ಯಾರನ್ನು ಕರೆದರೂ ನೇಮ ಮುರಿಯುತ್ತಿತ್ತು. ಉಳಿದವನು ನೇಮದ ಕರ್ತೃವೆಂದು ಹೆಸರು ಮಾಡಿದ್ದ ನಾನು. ಯಾರದೋ ಯೂನಿಫಾರ್ಮು ತೊಟ್ಟು ಗೇಟಿಗೆ ಕೂತೆ. ಎರಡು ಗಂಟೆಯತನಕ ಬಂದ ಗಾಡಿಗಳ ನಂಬರು ಮುದ್ದಾಗಿ ಬರೆದೆ. ಮೂರರ ನಂತರದ ನಂಬರುಗಳು ಯಾವ ರಾಜ್ಯದವೋ ಆರ್‌ಟಿಓಗೂ ತಿಳಿಯಲಾರದು. ಬೆಳಿಗ್ಗೆ ಮೆರವಣಿಗೆ ಇನ್ನೂ ಮುಗಿದಿರಲಿಲ್ಲ, ರಸ್ತೆ ಬಂದ್. ಎಂಟಕ್ಕೆ ಬರಬೇಕಾದ ರಿಲೀವರ್ ಬಂದದ್ದು ಒಂಬತ್ತೂಕಾಲಿಗೆ.

ಸಂಜೆ ಅಳಿಯ ಒಂದು ಡ್ಯೂಟಿಯ ಪಗಾರ ಕೈಗಿಟ್ಟ. ಎಣಿಸಿ, “ಒಂದೂಕಾಲು ತಾಸಿನ ಓವರ್‌ಟೈಮ್ ಎಲ್ಲೋ? ಡಬಲ್ ರೇಟಿನ್ಯಾಗ ಬರಬೇಕು” ಅಂದೆ.

“ಮಾಮಾ, ನೀವು ಗಣಿತದ ಮಾಸ್ತರು. ಕಾನೂನು ಯಾವಾಗ ಕಲತ್ರಿ?”

“ಇವತ್ತ ಮುಂಜಾನೆ, ಎಂಟರಿಂದ ಒಂಬತ್ತೂಕಾಲರ ನಡುವ.”