ಐದು ಸಲ ಶುದ್ಧ

ನನ್ನ ಭಾವಮೈದುನನಿಗೆ ಮೂಡಿಗೆರೆ ಕಡೆ ಕಾಫಿ ತೋಟವಿದೆ. ಬೀಜ ಮಾರಿ ಸಾಕಾಗಿ, ಈ ವರ್ಷ ತಾನೇ ಹುರಿದು ಪುಡಿ ಮಾಡಿ ಪ್ಯಾಕೆಟ್ಟಿನಲ್ಲಿ ಮಾರುವ ಹುಮ್ಮಸ್ಸು ಬಂದಿದೆ. ಪ್ಯಾಕೆಟ್ಟಿನ ಹಿಂಬದಿಗೆ ನಾಲ್ಕು ಸಾಲು ಬರೆದು, "ಭಾವ, ಅಚ್ಚಿಗೆ ಕಳಿಸೋ ಮುಂಚೆ ಒಂದು ಸಲ ಕಣ್ಣಾಡಿಸಿಬಿಡಿ, ಕಾಗುಣಿತ ನೋಡಿದರೆ ಸಾಕು" ಅಂದ. ಬರಹ ಹೀಗಿತ್ತು:

"ಮಲೆನಾಡಿನ ಮಡಿಲಿನಿಂದ ನೇರವಾಗಿ ನಿಮ್ಮ ಮನೆಗೆ, ಪರಿಶುದ್ಧವಾದ ಅಪ್ಪಟ ಫಿಲ್ಟರ್ ಕಾಫಿ. ಕಲಬೆರಕೆಯಿಲ್ಲದ, ನೂರಕ್ಕೆ ನೂರು ಅಸಲಿ ರುಚಿ. ಅತ್ಯುತ್ತಮ ಬೀಜಗಳನ್ನು ಅತ್ಯಂತ ಕಾಳಜಿಯಿಂದ ಹುರಿದು ಮಾಡಿದ ತಾಜಾ ಪುಡಿ. ವಿಶಿಷ್ಟ ಪರಿಮಳ, ಅದ್ಭುತ ಸ್ವಾದ. ಶುದ್ಧತೆಯೇ ನಮ್ಮ ಧ್ಯೇಯ."

ಕಾಗುಣಿತ ಸರಿಯಾಗಿಯೇ ಇತ್ತು. ಕೆಂಪು ಪೆನ್ನು ಹಿಡಿದು, ಒಂದೇ ಮಾತು ಹೇಳುವ ಪದಗಳಿಗೆಲ್ಲ ಗೆರೆ ಎಳೆದೆ. ಪರಿಶುದ್ಧ, ಅಪ್ಪಟ, ಕಲಬೆರಕೆಯಿಲ್ಲದ, ನೂರಕ್ಕೆ ನೂರು ಅಸಲಿ, ಕೊನೆಗೆ ಶುದ್ಧತೆಯೇ ಧ್ಯೇಯ. ಪದ ಬೇರೆ ಬೇರೆ ಆದ್ದರಿಂದ ಬರೆದವನ ಕಣ್ಣಿಗೆ ಇದು ಬೀಳುವುದಿಲ್ಲ. ಐದೂ ಬೇರೆ ಬೇರೆ ಗುಣಗಳೇ ಅನ್ನಿಸುತ್ತವೆ. ಓದುವವನಿಗೆ ಮಾತ್ರ ಮೂರನೆಯ ಸಲಕ್ಕೇ ಗುಮಾನಿ ಶುರು. "ನಾನು ಕುಡಿದಿಲ್ಲ, ನಾನು ಕುಡಿದಿಲ್ಲ" ಎಂದು ಬಾಗಿಲಲ್ಲೇ ಐದು ಸಲ ಹೇಳುವ ಗಂಡನನ್ನು ಯಾವ ಹೆಂಡತಿ ನಂಬುತ್ತಾಳೆ?

"ಚಿಕೋರಿ ಎಷ್ಟು ಹಾಕ್ತಿಯೋ?" ಎಂದೆ.

"ಮೂವತ್ತು. ಇಲ್ಲದಿದ್ರೆ ಡಿಕಾಕ್ಷನ್ ಗಟ್ಟಿಯಾಗಲ್ಲವಲ್ಲ ಭಾವ."

"ಆ ಚಿಕೋರಿ ಎಲ್ಲಿಂದ ಬರುತ್ತೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಜರಾತಿನಿಂದ" ಅಂದ.

ಮಲೆನಾಡಿನ ಮಡಿಲು ಅಲ್ಲಿಗೆ ಮುಗಿಯಿತು. ಚಿಕೋರಿ ಹಾಕುವುದೇನೂ ತಪ್ಪಲ್ಲ. ಕಾಫಿ 51 ಪಾಲಿಗಿಂತ ಕಡಿಮೆಯಾಗದಂತೆ ಬೆರೆಸಬಹುದು, ಆದರೆ ಯಾವುದು ಎಷ್ಟು ಪಾಲು ಎಂದು ಪ್ಯಾಕೆಟ್ಟಿನ ಮೇಲೆ ಹಾಕಲೇಬೇಕು ಎನ್ನುತ್ತದೆ ಕಾನೂನು. ಇವನು ಐದು ಸಲ ಶುದ್ಧ ಎಂದ ಕಡೆ ಆ ಒಂದು ಸಂಖ್ಯೆಗೇ ಜಾಗ ಸಿಕ್ಕಿರಲಿಲ್ಲ.

ಆಮೇಲೆ ವಿಶೇಷಣಗಳ ಸರದಿ. ಇವಕ್ಕೆ ನನ್ನ ಹತ್ತಿರ ಒಂದೇ ಪರೀಕ್ಷೆ: ಎದುರಿನ ಪದ ಹಾಕಿ ಓದುವುದು. "ಸಾಧಾರಣ ಬೀಜಗಳನ್ನು ಉದಾಸೀನದಿಂದ ಹುರಿದು ಮಾಡಿದ ಹಳಸಲು ಪುಡಿ" ಎಂದು ಭೂಲೋಕದಲ್ಲಿ ಯಾವನೂ ಬರೆಯುವುದಿಲ್ಲ. ಅಂದಮೇಲೆ "ಅತ್ಯುತ್ತಮ", "ಕಾಳಜಿ" ಎಂದು ಬರೆದವನೂ ಏನನ್ನೂ ಹೇಳಿದಂತಾಗಲಿಲ್ಲ. ಅದೇ "ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ" ಎನ್ನಿ. ಪೂರ್ತಿ ಅರೇಬಿಕಾ ಎಂದು ಬರೆಯುವವರು ಇನ್ನೊಬ್ಬರು ಇದ್ದಾರೆ. ಹಾಗಾಗಿ ಆ ಮಾತಿಗೆ ಅರ್ಥವಿದೆ. ಪರಿಮಳ ಬೇಕಾದವನು ಅತ್ತ ಹೋಗುತ್ತಾನೆ, ಕಡಕ್ ಬೇಕಾದವನು ಇತ್ತ ಬರುತ್ತಾನೆ.

ಇನ್ನು ಬಿಟ್ಟುಹೋದದ್ದನ್ನು ಹುಡುಕುವುದು ಕಷ್ಟ, ಏಕೆಂದರೆ ಇಲ್ಲದ್ದಕ್ಕೆ ಗೆರೆ ಎಳೆಯಲು ಬರುವುದಿಲ್ಲ. ಅದಕ್ಕೆ ಅವನನ್ನು ನಮ್ಮ ಬೀದಿಯ ಕಾಫಿಪುಡಿ ಅಂಗಡಿಯ ಮುಂದೆ ನಿಲ್ಲಿಸಿದೆ. ಮಿಷನ್ನಿನ ಸದ್ದಿನ ನಡುವೆ ಒಬ್ಬರು, "ಪೀಬೆರಿ ಅರ್ಧ, ಪ್ಲಾಂಟೇಷನ್ ಎ ಅರ್ಧ, ಚಿಕೋರಿ ಇಪ್ಪತ್ತು ಹಾಕಿ" ಅಂದರು. ಇನ್ನೊಬ್ಬರು ಹಿಂದಿನ ಸಲದ ಪುಡಿ ತೀರಾ ನುಣ್ಣಗಾಗಿ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯಲೇ ಇಲ್ಲ ಎಂದು ಜಗಳಕ್ಕೇ ನಿಂತರು. ಅಜ್ಜಿಯೊಬ್ಬರು "ಯಾವತ್ತು ಹುರಿದದ್ದಪ್ಪಾ?" ಎಂದರು. "ಅದ್ಭುತ ಸ್ವಾದದ್ದು ಕಾಲು ಕೆಜಿ ಕೊಡಿ" ಎಂದು ಒಬ್ಬರಾದರೂ ಕೇಳಿದರೆ ತಾನೆ! ಗಿರಾಕಿ ಬಾಯಿಬಿಟ್ಟು ಕೇಳುವುದೆಲ್ಲ ಇವನ ಬರಹದಲ್ಲಿ ಇರಲಿಲ್ಲ, ಬರಹದಲ್ಲಿದ್ದದ್ದನ್ನು ಯಾರೂ ಕೇಳಲಿಲ್ಲ.

ಮನೆಗೆ ಬಂದು ಹೊಸದಾಗಿ ಬರೆದೆವು: "70 ಪಾಲು ಕಾಫಿ, 30 ಪಾಲು ಚಿಕೋರಿ. ಕಾಫಿಯಲ್ಲಿ ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ. ಎರಡೂ ಮೂಡಿಗೆರೆ ತಾಲ್ಲೂಕಿನ ನಮ್ಮ ತೋಟದ್ದು. ಫಿಲ್ಟರಿಗೆ ಹೊಂದುವ ತರಿ. ಗಟ್ಟಿ ಡಿಕಾಕ್ಷನ್ ಇಷ್ಟಪಡುವವರಿಗೆ. ಹುರಿದ ದಿನ: ——"

ಅವನು ಎರಡು ಸಲ ಓದಿ, "ಇದೇನು ಭಾವ, ಕಾಫಿ ವರ್ಣನೆಯೋ ಪೊಲೀಸರ ಪಂಚನಾಮೆಯೋ?" ಎಂದು ಮುಖ ಸಣ್ಣದು ಮಾಡಿದ. ಒಂದೇ ಒಂದು "ಘಮಘಮ" ಇರಲಿ ಎಂದು ಅಕ್ಕನ ಮೂಲಕ ಶಿಫಾರಸನ್ನೂ ತಂದ. ಘಮ ಮೂಗಿಗೆ ಗೊತ್ತಾಗುವಂಥದ್ದು, ಸುಳ್ಳಾದರೆ ಸಿಕ್ಕಿಬೀಳುತ್ತಾನೆ, ಹಾಗಾಗಿ ಇರಲಿ ಎಂದು ಒಪ್ಪಿದೆ. ಅವಳ ಕೈಯ ಕಾಫಿ ಕುಡಿಯಬೇಕಾದವನು ನಾನು ಎಂಬುದೂ ಒಂದು ಕಾರಣ.

ಅವನು ಕೊನೆಯವರೆಗೂ ತಕರಾರು ತೆಗೆದದ್ದು ಹುರಿದ ದಿನದ ಮೇಲೆ. ಪ್ಯಾಕ್ ಮಾಡಿದ ದಿನ ಹೇಗೂ ಹಾಕುತ್ತೇನಲ್ಲ ಎಂಬ ವಾದ. ಪುಡಿಯಾದ ಕಾಫಿಯ ಪರಿಮಳ ಕೆಲವೇ ವಾರಗಳಲ್ಲಿ ಹಾರಿಹೋಗುತ್ತದೆ, ಯಾವಾಗಲೋ ಹುರಿದದ್ದನ್ನು ನಿನ್ನೆ ಪ್ಯಾಕ್ ಮಾಡಿದರೆ ಏನು ಬಂತು ಎಂದು ನಾನು. ಕಡೆಗೆ ನಿಜ ಹೊರಬಿತ್ತು.

"ತಾಜಾ ಅಂತ ಹಾಕಿದ್ರೆ ದೀಪಾವಳಿವರೆಗೂ ಮಾರಬಹುದಿತ್ತು ಭಾವ. ಈಗ ಅಂಗಡಿಯವರು ಮೂರನೇ ವಾರಕ್ಕೇ ವಾಪಸ್ ಕೊಡ್ತಾರಲ್ಲ!"