ಕೆಡವುವ ಮನೆಗೆ ಸುಣ್ಣ

ನಂಜನಗೂಡಿನಲ್ಲಿ ಮೇಷ್ಟರಾಗಿದ್ದವನಿಗೆ ನಿವೃತ್ತಿಯಾದರೂ ತಿದ್ದುವ ಕೆಲಸ ತಪ್ಪುವುದಿಲ್ಲ. ಮೊನ್ನೆ ಟಿ. ನರಸೀಪುರದ ಕಡೆಯ ಹಳೆಯ ಶಿಷ್ಯೆಯೊಬ್ಬಳು ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ರಸಬಾಳೆಯ ಮೇಲೆ ಬರೆದ ಐದು ಪುಟ ಕಳಿಸಿದಳು. ಶುರುವಾಗುವುದೇ ಭಾರತ ಕೃಷಿಪ್ರಧಾನ ದೇಶ ಎಂದು. ಅಲ್ಲಿಂದ ಹೊರಟ ಪ್ರಬಂಧ ನಂಜನಗೂಡು ತಲುಪಲು ಎರಡು ಪುಟ ಹಿಡಿಯಿತು. ಮೈಸೂರಿನ ಪ್ಯಾಸೆಂಜರ್ ರೈಲೇ ವಾಸಿ.

ಕೆಂಪು ಪೆನ್ನು ಹಿಡಿದು ಕೂತೆ. ಅಲ್ಪಪ್ರಾಣ, ಮಹಾಪ್ರಾಣ, ಅಕಾರ ಹಕಾರ ಎಲ್ಲ ಸೇರಿ 23 ತಪ್ಪು ಸಿಕ್ಕವು. ಕಾಫಿ ತಂದ ನನ್ನಾಕೆ ಹಾಳೆಯತ್ತ ನೋಡಿ, “ಏನ್ರೀ ಇದು, ಎಲೆಅಡಿಕೆ ಉಗಿದಂಗಿದೆ!” ಅಂದಳು. ನಮ್ಮೂರ ಕಡೆ ವೀಳ್ಯದೆಲೆಗೇನೂ ಬರವಿಲ್ಲ, ಹೋಲಿಕೆ ಸರಿಯಾಗೇ ಇತ್ತು.

ತಪ್ಪುಗಳ ಪಟ್ಟಿ ಮಾಡಿ, ‘ಬರವಣಿಗೆಯೆಂಬುದು ತಪಸ್ಸು’ ಎಂದು ಕಾಗದ ಶುರು ಮಾಡಿದೆ. ನಾನೂ ಭಾರತದ ಮೇಲಿಂದಲೇ ಹೊರಟಿದ್ದೆ! ಹರಿದು ಹಾಕಿದೆ. 23 ತಪ್ಪನ್ನೂ ಆ ಹುಡುಗಿ ತಿದ್ದಿಯಾಳು. ಆದರೆ ಆ 23ರಲ್ಲಿ 15 ಇದ್ದದ್ದು ಹೇಗಿದ್ದರೂ ಹೋಗಬೇಕಾದ ಮೊದಲ ಎರಡು ಪುಟದಲ್ಲಿ. ಕೆಡವುವ ಮನೆಗೆ ಸುಣ್ಣ ಹೊಡೆಸಿದ ಹಾಗೆ. ‘ಚೆನ್ನಾಗಿದೆ’ ಎಂದಷ್ಟೇ ಬರೆದರೂ ಸುಣ್ಣವೇ. ಯಾವುದು ಚೆನ್ನ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಮತ್ತೆ ಓದಿದೆ. ಮೂರನೇ ಪುಟದ ಮೂಲೆಯಲ್ಲಿ ಒಂದು ಸಾಲು: ತಾತ ದಿಂಡು ಕೊಯ್ದಾಗ ಒಳಗೆ ಕೆಂಪಗಿತ್ತು, ತಾತ ಮಾತಾಡಲಿಲ್ಲ. ಅಷ್ಟೇ. ಮುಂದಿನ ಸಾಲಿನಲ್ಲೇ ಭೌಗೋಳಿಕ ಸೂಚಕದ ವಿಷಯಕ್ಕೆ ಹಾರಿದ್ದಳು.

ಹೀಗೆ ಬರೆದೆ:

“ಚಿ. ಸೌ. ಮಗಳಿಗೆ ಆಶೀರ್ವಾದ. ನಿನ್ನ ಪ್ರಬಂಧ ಇನ್ನೂ ಆಗಿಲ್ಲ ಕಣಮ್ಮ, ಆದರೆ ಅದು ಎಲ್ಲಿದೆ ಅಂತ ಗೊತ್ತಾಗಿದೆ. ತಾತ ಕತ್ತಿ ಹಿಡಿದ ಜಾಗದಿಂದ ಶುರು ಮಾಡು. ಮೊದಲು ಹಳದಿಯಾದದ್ದು ಯಾವ ಎಲೆ? ಕೊಯ್ದ ಮೇಲೆ ತಾತ ಏನು ಮಾಡಿದರು? ಅವರನ್ನೇ ಕೇಳು. ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತೆ ಅಂತ ನಾಲ್ಕನೇ ಪುಟದಲ್ಲಿ ಬರೆದಿದ್ದೀಯಲ್ಲ, ಅದನ್ನು ಆ ಕತ್ತಿಯ ಹಿಂದೆಯೇ ತಾ. ಅದೇ ನೆಲದಲ್ಲಿ ಮತ್ತೆ ರಸಬಾಳೆ ಯಾಕೆ ನೆಡಲಿಲ್ಲ ಅನ್ನೋದು ಓದುವವರಿಗೆ ತಾನಾಗೇ ಹೊಳೆಯುತ್ತೆ. ಕಾಗುಣಿತ ಈಗ ಮುಟ್ಟಬೇಡ.”

ಕೊನೆಯ ವಾಕ್ಯ ಬರೆಯುವಾಗ ಮೇಷ್ಟರ ಕೈ ಸ್ವಲ್ಪ ನಡುಗಿತು, ಸುಳ್ಳೇಕೆ.

ಎರಡು ವಾರಕ್ಕೆ ಉತ್ತರ ಬಂತು. “ಸಾರ್, ಕೊಯ್ದದ್ದು ದಿಂಡಲ್ಲವಂತೆ, ಗೆಡ್ಡೆಯಂತೆ. ಮೊದಲು ಹಳದಿಯಾದದ್ದು ಕೆಳಗಿನ ಎಲೆ. ಆಮೇಲೆ ತಾತ ಬುಡಗಳನ್ನೆಲ್ಲ ಕಿತ್ತು ಸುಟ್ಟರಂತೆ. ನಾನು ಆಗ ಚಿಕ್ಕವಳು, ಹೊಗೆ ಮಾತ್ರ ನೆನಪಿದೆ.” ಜೊತೆಗೆ ಹೊಸ ಪ್ರಬಂಧ, ಮೂರೇ ಪುಟ, ಹೊಗೆಯಿಂದಲೇ ಆರಂಭ.

ಕಾಗುಣಿತದ ತಪ್ಪು ಒಂಬತ್ತಿದ್ದವು. ಈಗ ಪೆನ್ನಿನ ಮುಚ್ಚಳ ತೆಗೆದೆ.